ಐವತ್ತೆಂಟರ ಗೆರೆ

ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಅವರನ್ನು ಎಲ್ಲರೂ ಪೀಕಕ್ಕ ಅಂತಲೇ ಕರೆಯುತ್ತಿದ್ದರು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವನ್ನು ಇಪ್ಪತ್ತನಾಲ್ಕು ವರ್ಷ ನಡೆಸಿದವರು ಅವರು. ಅದರಿಂದ ಹೊರಬರುವ ಕಾಗದದ ಮೇಲೆ ಗೆರೆಗಳು ಎದ್ದು ನಿಲ್ಲುತ್ತವೆ, ಅವಕ್ಕೆ ಪೀಕ್ ಎನ್ನುತ್ತೇವೆ. ಆ ಗೆರೆಗಳನ್ನು ಓದುವುದರಲ್ಲಿ ಅವರನ್ನು ಮೀರಿಸುವವರು ಕಟ್ಟಡದಲ್ಲಿ ಯಾರೂ ಇರಲಿಲ್ಲ. ನಾನು ಅಲ್ಲಿ ಉಪನ್ಯಾಸಕ. ಅವರ ಒಂದು ಉತ್ತರಕ್ಕೆ ಹತ್ತಕ್ಕೆ ಮೂರು ಅಂಕ ಹಾಕಿದವನೂ ನಾನೇ.

ಪೀಕಕ್ಕ ಕೆಲಸಕ್ಕೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಯಂತ್ರ ಬಂದಿಳಿದಾಗ ಅದನ್ನು ಜೋಡಿಸಲು ಬಂದ ಎಂಜಿನಿಯರ್ ಹದಿನೈದು ದಿನ ಅಲ್ಲಿದ್ದ. ಅವನಿಗೆ ಸ್ಪ್ಯಾನರ್ ಎತ್ತಿಕೊಡುತ್ತ ಪಕ್ಕದಲ್ಲಿ ನಿಂತಿದ್ದವರು ಇವರೊಬ್ಬರೇ. ಅವನು ಹೊರಟ ಮೂರನೇ ದಿನ ಪಂಪು ಕೆಟ್ಟಿತು. ಪ್ರೊಫೆಸರುಗಳು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಇವರು ಒಳಗೆ ಹೋಗಿ ಪಂಪಿನ ಎಣ್ಣೆ ಬದಲಿಸಿ ಯಂತ್ರ ಶುರು ಮಾಡಿ ಬಂದರಂತೆ. ಅಂದಿನಿಂದ ಆ ಕೋಣೆ ಅವರದಾಯಿತು. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಮಾಡಿಕೊಂಡರು. ಗಂಡ ಟೈಲರ್, ಮನೆಯ ಮುಂಗೋಣೆಯಲ್ಲೇ ಅಂಗಡಿ. ಮಗಳು ಹೈಸ್ಕೂಲಿನಲ್ಲಿದ್ದಳು.

ಒಂದು ವರ್ಷ ಹಳೆಯದರ ಬದಲಿಗೆ ವಿಭಾಗಕ್ಕೆ ಹೊಸ ಯಂತ್ರ ಮಂಜೂರಾಯಿತು, ಜೊತೆಗೆ ಹೊಸ ನಿಯಮವೂ ಬಂತು. ಅದನ್ನು ನಡೆಸುವವರಿಗೆ ಸ್ನಾತಕೋತ್ತರ ಪದವಿ ಇರಲೇಬೇಕು. ಪೀಕಕ್ಕ ಮೊದಲೇ ಅಂಚೆ ಮೂಲಕ ಆ ಪದವಿಗೆ ಸೇರಿಕೊಂಡಿದ್ದರು. ಒಂದೊಂದೇ ಪೇಪರು ದಾಟುತ್ತ ಬಂದು ಉಳಿದಿದ್ದು ಒಂದೇ, ಸ್ಪೆಕ್ಟ್ರೋಸ್ಕೋಪಿ. ಕೋರ್ಸು ಮುಗಿಸಲು ಕೊಟ್ಟಿದ್ದ ಗಡುವಿನಲ್ಲಿ ಉಳಿದಿದ್ದೂ ಅದೊಂದೇ ಪರೀಕ್ಷೆ, ಅದು ತಪ್ಪಿದರೆ ಎಲ್ಲ ಮತ್ತೆ ಮೊದಲಿಂದ.

"ಬೇರೆ ಯಾವ ಪೇಪರ್ ಆಗಿದ್ರೂ ಹೆದರ್ತಿದ್ದೆ ಸರ್," ಎಂದು ಅವರು ನನಗೆ ಹೇಳಿದ್ದರು. "ಇದು ನನ್ನ ಅಡುಗೆಮನೆ ಇದ್ದ ಹಾಗೆ. ಕಣ್ಣು ಮುಚ್ಚಿಕೊಂಡು ಓಡಾಡ್ತೀನಿ."

ಪರೀಕ್ಷೆ ಮುಗಿದ ಒಂದು ತಿಂಗಳಿಗೆ ಮೌಲ್ಯಮಾಪನ ಶುರುವಾಯಿತು. ದೊಡ್ಡ ಹಾಲ್, ಉದ್ದದ ಬೆಂಚುಗಳು, ಪ್ರತಿಯೊಬ್ಬರ ಮುಂದೆ ದಿನಕ್ಕೆ ನಲವತ್ತು ಪತ್ರಿಕೆಗಳ ಕಟ್ಟು. ಹೆಸರಿರುವ ಭಾಗ ಕತ್ತರಿಸಿರುತ್ತದೆ, ಬರೀ ಸಂಕೇತಸಂಖ್ಯೆ ಇರುತ್ತದೆ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಅಚ್ಚು ಹಾಕಿದ ಸ್ಕೀಮ್ ನಮ್ಮ ಕೈಗೆ ಕೊಡುತ್ತಾರೆ. ಪ್ರಶ್ನೆಪತ್ರಿಕೆ ಮಾಡಿದ್ದೂ, ಸ್ಕೀಮ್ ಬರೆದಿದ್ದೂ, ಆ ಹಾಲ್‌ನಲ್ಲಿ ಮುಖ್ಯ ಮೌಲ್ಯಮಾಪಕರಾಗಿ ಕೂತಿದ್ದೂ ಒಬ್ಬರೇ, ಇನ್ನೊಂದು ಕಾಲೇಜಿನ ಹಿರಿಯ ಪ್ರೊಫೆಸರ್.

ಎಂಟನೇ ಪ್ರಶ್ನೆ ಹೀಗಿತ್ತು. ಒಂದು ಕೀಟೋನ್, ಅದರಲ್ಲಿ ಐದು ಕಾರ್ಬನ್, ಹತ್ತು ಹೈಡ್ರೋಜನ್, ಒಂದು ಆಕ್ಸಿಜನ್. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಎಂಬತ್ತಾರು, ಎಪ್ಪತ್ತೊಂದು, ಐವತ್ತೆಂಟು, ನಲವತ್ಮೂರರಲ್ಲಿ ಪೀಕ್‌ಗಳು, ನಲವತ್ಮೂರೇ ಎಲ್ಲಕ್ಕಿಂತ ಎತ್ತರ. ರಚನೆ ಯಾವುದು, ಕಾರಣ ಕೊಟ್ಟು ಬರೆಯಿರಿ. ಹತ್ತು ಅಂಕ.

ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಆ ಯಂತ್ರದೊಳಗೆ ಅಣುವಿಗೆ ಎಲೆಕ್ಟ್ರಾನ್‌ಗಳ ಹೊಡೆತ ಬೀಳುತ್ತದೆ, ಅಣು ಒಡೆಯುತ್ತದೆ, ಚೂರುಗಳ ತೂಕ ಕಾಗದದ ಮೇಲೆ ಮೂಡುತ್ತದೆ. ಚೂರುಗಳನ್ನು ನೋಡಿ ಮೂಲ ಅಣು ಹೇಗಿತ್ತೆಂದು ಹೇಳಬೇಕು. ಕೀಟೋನಿನಲ್ಲಿ ಆಕ್ಸಿಜನ್ ಅಂಟಿಕೊಂಡಿರುವ ಕಾರ್ಬನ್ನಿಗೆ ಕಾರ್ಬೊನಿಲ್ ಎನ್ನುತ್ತೇವೆ. ಈ ಪ್ರಶ್ನೆಗೆ ಹೊಂದಬಹುದಾದ ಕೀಟೋನ್‌ಗಳು ಮೂರೇ. ಕಾರ್ಬನ್ ಸರಪಳಿ ನೇರವಾಗಿರುವ ಪೆಂಟಾನೋನ್‌ಗಳು ಎರಡು, ಕವಲೊಡೆದದ್ದು ಒಂದು. ಸ್ಕೀಮ್ ಪ್ರಕಾರ ಉತ್ತರ ಕವಲೊಡೆದದ್ದು, ಅಂದರೆ ಮೀಥೈಲ್ ಬ್ಯೂಟನೋನ್. ಐವತ್ತೆಂಟರ ಪೀಕಿಗೆ ಅದರಲ್ಲಿ ಒಂದೇ ಸಾಲಿನ ವಿವರಣೆಯಿತ್ತು: ಕಾರ್ಬನ್ ಮಾನಾಕ್ಸೈಡ್ ಬಿಟ್ಟುಹೋಗಿದೆ.

ಎರಡನೇ ದಿನ ಮಧ್ಯಾಹ್ನ ನನ್ನ ಕೈಗೆ ಬಂದ ಪತ್ರಿಕೆಯಲ್ಲಿ ಬೇರೆಯೇ ಉತ್ತರವಿತ್ತು. ಒಂದೂವರೆ ಪುಟ, ದುಂಡಗಿನ ಅಕ್ಷರ. ಎಂಬತ್ತಾರು ಇಡೀ ಅಣು. ಹದಿನೈದು ಕಳೆದರೆ ಎಪ್ಪತ್ತೊಂದು, ಒಂದು ಮೀಥೈಲ್ ಹೋಯಿತು. ನಲವತ್ಮೂರು ಅಸಿಟೈಲ್ ಚೂರು, ಹಾಗಾಗಿ ಕಾರ್ಬೊನಿಲ್‌ನ ಒಂದು ಪಕ್ಕದಲ್ಲಿ ಮೀಥೈಲ್ ಇದೆ. ಐವತ್ತೇಳು ದೊಡ್ಡದಾಗಿ ಬಂದಿಲ್ಲ, ಆದ್ದರಿಂದ ಕಾರ್ಬೊನಿಲ್ ಸರಪಳಿಯ ನಟ್ಟನಡುವೆ ಇಲ್ಲ. ಆಮೇಲೆ ಹೀಗೆ ಬರೆದಿತ್ತು: "ಇಲ್ಲಿ ಮುಖ್ಯವಾದದ್ದು ಐವತ್ತೆಂಟು. ನೈಟ್ರೋಜನ್ ಇಲ್ಲದ ಅಣುವಿನಲ್ಲಿ ಸಮಸಂಖ್ಯೆಯ ಚೂರು ಕಂಡರೆ ಅದು ಬರೀ ಮುರಿದದ್ದಲ್ಲ, ಒಳಗೆ ಜೋಡಣೆ ಬದಲಾಗಿ ಮುರಿದದ್ದು. ಕಾರ್ಬೊನಿಲ್‌ನಿಂದ ಮೂರನೆಯ ಕಾರ್ಬನ್ನಿನ ಹೈಡ್ರೋಜನ್ ಆಕ್ಸಿಜನ್ನಿಗೆ ದಾಟಿ, ಇಪ್ಪತ್ತೆಂಟು ತೂಕದ ಎಥಿಲೀನ್ ಹೊರಬಿದ್ದಿದೆ. ಕವಲೊಡೆದ ಕೀಟೋನಿನಲ್ಲಿ ಹಾಗೆ ಮೂರನೆಯ ಕಾರ್ಬನ್ನೇ ಇಲ್ಲ. ಆದ್ದರಿಂದ ಇದು ನೇರ ಸರಪಳಿಯ 2-ಪೆಂಟಾನೋನ್."

ನಾನು ಪೆನ್ನು ಕೆಳಗಿಟ್ಟೆ. ಕಾರ್ಬನ್ ಮಾನಾಕ್ಸೈಡಿನ ತೂಕವೂ ಇಪ್ಪತ್ತೆಂಟೇ, ನಿಜ. ಆದರೆ ಇಂಥ ಸಾದಾ ಕೀಟೋನಿನ ಇಡೀ ಅಣು ಅದನ್ನು ಹಾಗೆ ಬಿಟ್ಟು ಅಷ್ಟು ದೊಡ್ಡ ಪೀಕ್ ಕೊಡುವುದಿಲ್ಲ. ಸ್ಕೀಮ್ ತಪ್ಪಾಗಿತ್ತು. ಎದ್ದು ಮುಖ್ಯ ಮೌಲ್ಯಮಾಪಕರ ಮೇಜಿಗೆ ಹೋದೆ.

"ಸರ್, ಎಂಟನೇ ಪ್ರಶ್ನೆ. ಐವತ್ತೆಂಟಕ್ಕೆ ಇಲ್ಲೊಬ್ಬರು ಬೇರೆ ಥರ ಬರೆದಿದ್ದಾರೆ."

ಅವರ ಸುತ್ತ ನಾಲ್ಕು ಜನ ನಿಂತಿದ್ದರು. ಕಟ್ಟುಗಳ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಅವರು ತಲೆ ಎತ್ತಲಿಲ್ಲ. "ಸ್ಕೀಮ್‌ನಲ್ಲಿ ಇರೋ ಹಾಗೆ ಹಾಕಿ. ಒಬ್ಬೊಬ್ಬರು ಒಂದೊಂದು ಥರ ಹಾಕಿದ್ರೆ ನಾಳೆ ನಾನು ಉತ್ತರ ಕೊಡಬೇಕು."

ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಎಪ್ಪತ್ತೊಂದಕ್ಕೆ ಒಂದೂವರೆ, ನಲವತ್ಮೂರಕ್ಕೆ ಒಂದೂವರೆ, ಒಟ್ಟು ಮೂರು. ಕೆಂಪು ಶಾಯಿಯಲ್ಲಿ ಬರೆದು ಪುಟ ತಿರುಗಿಸಿದೆ.

ಫಲಿತಾಂಶ ಬಂದಾಗ ಪೀಕಕ್ಕನಿಗೆ ಮೂವತ್ತಾರು ಅಂಕ. ಪಾಸಿಗೆ ನಲವತ್ತು ಬೇಕು. ಅವರು ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿದರು. ನಕಲು ಕೈ ಸೇರಲು ಏಳು ವಾರ ಹಿಡಿಯಿತು. ಬಂದ ದಿನವೇ ನನ್ನ ಕೋಣೆಗೆ ತಂದರು.

"ಸರ್, ಸ್ವಲ್ಪ ನೋಡಿ ಹೇಳಿ. ಎಂಟನೇದರಲ್ಲಿ ನನ್ನ ತಪ್ಪು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ."

ದುಂಡಗಿನ ಅಕ್ಷರ ಕಂಡ ಕೂಡಲೇ ಗುರುತು ಸಿಕ್ಕಿತು. ಯಂತ್ರದ ದಾಖಲೆಗಳನ್ನೆಲ್ಲ ಅವರು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕೈಬರಹವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ.

"ತಪ್ಪಿಲ್ಲ," ಎಂದೆ. "ಸ್ಕೀಮ್ ತಪ್ಪು. ಇದನ್ನ ನೋಡಿದವನು ನಾನೇ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಪೂರ್ತಿ ಓದಿದ್ರಾ ಸರ್?"

"ಓದಿದೆ."

"ಅರ್ಥ ಆಯ್ತಾ?"

"ಆಯ್ತು."

"ಅರ್ಥ ಆಗಿ ಮೂರು ಹಾಕಿದ್ರಾ?"

ಅವರ ದನಿ ಏರಲಿಲ್ಲ. ಒಂದು ಅಳತೆ ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡುವವರ ಹಾಗೆ ಕೇಳಿದರು. ಮುಖ್ಯ ಮೌಲ್ಯಮಾಪಕರು ಹೇಳಿದ್ದನ್ನು ತಿಳಿಸಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಇಬ್ಬರೂ ಯಂತ್ರದ ಕೋಣೆಯಲ್ಲಿದ್ದೆವು. ರಾಸಾಯನಿಕಗಳ ಕಪಾಟಿನಿಂದ ಎರಡೂ ಕೀಟೋನ್‌ಗಳ ಶೀಶೆ ತೆಗೆದು, ಒಂದೊಂದನ್ನೂ ಬೇರೆ ಬೇರೆಯಾಗಿ ದ್ರಾವಕದಲ್ಲಿ ತೆಳುವಾಗಿಸಿ, ಪೀಕಕ್ಕ ಒಂದಾದ ಮೇಲೊಂದನ್ನು ಸಣ್ಣ ಸಿರಿಂಜಿನಲ್ಲಿ ಒಳಗೆ ಬಿಟ್ಟರು. ನೇರ ಸರಪಳಿಯದರಲ್ಲಿ ಐವತ್ತೆಂಟರ ಗೆರೆ ಚೊಕ್ಕಟವಾಗಿ ಎದ್ದಿತು. ಕವಲೊಡೆದದ್ದರಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿಯಾಗಿತ್ತು. ಎರಡೂ ಕಾಗದಗಳಿಗೆ ಪಿನ್ನು ಹೊಡೆದು, ನನ್ನ ಪತ್ರವನ್ನೂ ಸೇರಿಸಿ ಪರೀಕ್ಷಾ ಕಚೇರಿಗೆ ಕೊಟ್ಟೆವು.

ಆ ಹಿರಿಯ ಪ್ರೊಫೆಸರನ್ನೂ ಅವರ ಮನೆಗೇ ಹೋಗಿ ಕಂಡೆವು. ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು, "ಹಳೇ ಪ್ರಶ್ನೆ ಇದು," ಎಂದರು. "ಸ್ವಲ್ಪ ಕಷ್ಟ ಇರಲಿ ಅಂತ ಅಂಕಿಗಳನ್ನ ಬದಲಾಯಿಸಿದೆ. ಉತ್ತರ ಬದಲಾಯಿಸೋದು ಮರೆತೆ. ಆಮೇಲೆ ಹಳೇ ಉತ್ತರಕ್ಕೆ ಹೊಂದೋ ಹಾಗೆ ಐವತ್ತೆಂಟಕ್ಕೆ ಏನೋ ಒಂದು ಕಾರಣ ಬರೆದುಬಿಟ್ಟೆ." ಪೀಕಕ್ಕನ ಕಡೆ ತಿರುಗಿ, "ತಪ್ಪಾಯಿತಮ್ಮ," ಎಂದರು. ಅಲ್ಲೇ ಕೂತು ತಪ್ಪೊಪ್ಪಿಗೆಯ ಪತ್ರ ಬರೆದು ಸಹಿ ಹಾಕಿ ಕೊಟ್ಟರು. ಇನ್ನೇನು ಬೇಕು, ಕೆಲಸ ಆಯಿತು ಎಂದುಕೊಂಡೇ ನಾವು ಹೊರಬಂದೆವು.

ಪರೀಕ್ಷಾ ಕಚೇರಿಯ ಅಧಿಕಾರಿ ಕೆಟ್ಟವನಲ್ಲ. ಎಲ್ಲ ಓದಿದ. ಕುರ್ಚಿ ಕೊಟ್ಟು ಕೂರಿಸಿದ.

"ಮೇಡಂ, ನೀವು ಹೇಳೋದು ಸರಿ ಅಂತಲೇ ಇಟ್ಟುಕೊಳ್ಳಿ. ಸ್ಕೀಮ್ ಬಗ್ಗೆ ತಕರಾರಿದ್ದರೆ ಪರೀಕ್ಷೆ ಆಗಿ ಹದಿನೈದು ದಿನದೊಳಗೆ ಕೊಡಬೇಕು."

"ಸ್ಕೀಮ್ ನಮಗೆ ತೋರಿಸಲ್ವಲ್ಲ ಸರ್. ನಕಲು ಬಂದ ಮೇಲೇ ಗೊತ್ತಾಗಿದ್ದು."

"ಗೊತ್ತು. ನಿಯಮ ಹಾಗಿದೆ. ಇನ್ನೊಂದು ಹೇಳ್ತೀನಿ. ನಾನೂರು ಜನ ಬರೆದಿದ್ದಾರೆ. ಸ್ಕೀಮ್ ತಿದ್ದಿದರೆ ಎಲ್ಲರದೂ ಮತ್ತೆ ನೋಡಬೇಕು. ಸ್ಕೀಮ್‌ನಲ್ಲಿರೋ ಉತ್ತರ ಬರೆದು ಪಾಸಾದವರು ಅರವತ್ತು ಜನ ಆದರೂ ಫೇಲ್ ಆಗ್ತಾರೆ. ಅವರ ಕೈಗೆ ಸರ್ಟಿಫಿಕೇಟ್ ಹೋಗಿದೆ. ಕೆಲವರು ಕೆಲಸಕ್ಕೂ ಸೇರಿದ್ದಾರೆ. ಅವರಿಂದ ಹೇಗೆ ಕಿತ್ತುಕೊಳ್ಳಲಿ?"

"ಅವರದ್ದು ಹಾಗೇ ಇರಲಿ. ಸರಿ ಬರೆದವರಿಗೆ ಮಾತ್ರ ಅಂಕ ಕೊಡಿ ಸರ್," ಎಂದೆ ನಾನು.

"ಒಂದೇ ಪ್ರಶ್ನೆಗೆ ಎರಡು ಉತ್ತರ ಸರಿ ಅಂತ ಬರೆದು ಯಾರು ಸಹಿ ಹಾಕ್ತಾರೆ? ನೀವು ಹಾಕ್ತೀರಾ?"

ಹಾಕುತ್ತೇನೆ ಎಂದೆ. ನನ್ನ ಸಹಿಗೆ ಅಲ್ಲಿ ಬೆಲೆಯಿರಲಿಲ್ಲ. ವಿಷಯ ಪರೀಕ್ಷಾ ಸಮಿತಿಯ ಮುಂದೆ ಹೋಯಿತು. ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕಿದೆವು. ಪತ್ರಿಕೆ ಕೈಗೆ ಬಂದ ಬೇರೊಬ್ಬ ಮೌಲ್ಯಮಾಪಕರು ಅದೇ ಸ್ಕೀಮ್ ಪಕ್ಕದಲ್ಲಿಟ್ಟುಕೊಂಡು ನೋಡಿ, ಮತ್ತೆ ಮೂರೇ ಕೊಟ್ಟರು. ಸಮಿತಿಯಿಂದ ಎರಡು ಸಾಲಿನ ಉತ್ತರ ಬಂತು: ಪ್ರಕಟವಾದ ಫಲಿತಾಂಶ ಅಂತಿಮ, ಹೊರಗಿನ ದಾಖಲೆಗಳನ್ನು ಪರಿಗಣಿಸಲು ಅವಕಾಶವಿಲ್ಲ. ನಮ್ಮ ಯಂತ್ರ ಬರೆದುಕೊಟ್ಟ ಎರಡು ಕಾಗದಗಳೂ ಅದರ ಜೊತೆ ವಾಪಸ್ ಬಂದವು.

ಆ ಪತ್ರ ಕೊಡಲು ನಾನೇ ಅವರ ಮನೆಗೆ ಹೋದೆ. ಪೀಕಕ್ಕ ನಿಂತೇ ಓದಿ, ಮಡಚಿ, ಮಗಳ ಪುಸ್ತಕಗಳ ಪಕ್ಕದಲ್ಲಿಟ್ಟು ಒಳಗೆ ಹೋದರು. ಅವರ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು, ಕಾಲು ನಿಂತಿತ್ತು.

"ನಾನು ಅಳತೆ ತಪ್ಪಿ ಹೊಲೆದರೆ ಬಿಚ್ಚಿ ಮತ್ತೆ ಹೊಲೀತೀನಿ," ಎಂದರು ಅವರು. "ಅವರಿಗೆ ಬಿಚ್ಚೋಕೆ ಬರಲ್ವಾ ಸರ್?"

ಮಗಳು ಪತ್ರ ತೆಗೆದು ಓದಿದಳು. "ಅಮ್ಮ ಬರೆದಿದ್ದು ಸರಿ ಅಂತ ಇದರಲ್ಲಿ ಎಲ್ಲೂ ಇಲ್ಲ," ಎಂದಳು. ತಪ್ಪು ಎಂದೂ ಇರಲಿಲ್ಲ.

ತಿಂಗಳ ಕೊನೆಗೆ ಪೀಕಕ್ಕನಿಗೆ ಗಾಜಿನ ಸಾಮಾನಿನ ಉಗ್ರಾಣಕ್ಕೆ ವರ್ಗವಾಯಿತು. ಹೊಸ ಯಂತ್ರಕ್ಕೆ ಪದವಿಯುಳ್ಳ ಹುಡುಗಿಯೊಬ್ಬಳು ಬಂದಳು. ಒಳ್ಳೆಯವಳು, ಕೆಲಸ ಕಲಿಯುವ ಆಸೆಯೂ ಇತ್ತು. ಪೀಕಕ್ಕ ಒಂದು ವಾರ ಅವಳ ಪಕ್ಕದಲ್ಲಿ ನಿಂತು ಪಂಪಿನ ಸದ್ದು ಯಾವಾಗ ಕೆಟ್ಟದ್ದು, ಯಾವಾಗ ಮಾಮೂಲು ಎಂಬುದನ್ನೆಲ್ಲ ಹೇಳಿಕೊಟ್ಟರು. ಅವಳೂ ಅದೇ ಪರೀಕ್ಷೆ ಬರೆದು ಪಾಸಾದವಳು. ಎಂಟನೇ ಪ್ರಶ್ನೆಗೆ ಏನು ಬರೆದಿದ್ದೆ ಎಂದು ನಾವು ಯಾರೂ ಅವಳನ್ನು ಕೇಳಲಿಲ್ಲ.

ಕೋರ್ಸಿಗೆ ಹೊಸದಾಗಿ ಸೇರಿಕೊಳ್ಳಿ, ಓದಲು ನಾನು ಜೊತೆಗಿರುತ್ತೇನೆ ಎಂದು ಒಮ್ಮೆ ಹೇಳಿ ನೋಡಿದೆ.

"ಮತ್ತೆ ಮೊದಲಿಂದ ಎಲ್ಲ ಪೇಪರೂ ಬರೀಬೇಕು ಸರ್," ಎಂದರು ಬೀಕರುಗಳನ್ನು ಅಳತೆಯ ಪ್ರಕಾರ ಕಪಾಟಿನಲ್ಲಿಡುತ್ತ. "ಬರೆಯೋಕೆ ನನಗೆ ಬೇಜಾರಿಲ್ಲ. ಆದರೆ ಇನ್ನು ಮೇಲೆ ಉತ್ತರ ಬರೆಯೋವಾಗ, ಇದು ಸರಿಯೋ, ಇಲ್ಲ ಅವರ ಹತ್ರ ಇರೋದು ಬೇರೆಯೋ ಅಂತ ಯೋಚನೆ ಬಂದೇ ಬರುತ್ತೆ. ಹಾಗೆ ಬರೆಯೋಕೆ ನನ್ನ ಕೈಲಿ ಆಗಲ್ಲ."

ಈ ವರ್ಷವೂ ನನಗೆ ಮೌಲ್ಯಮಾಪನದ ಆದೇಶ ಬಂದಿದೆ. ತಪ್ಪಿಸಿಕೊಳ್ಳಲು ಕಾಯಿಲೆಯ ಸರ್ಟಿಫಿಕೇಟ್ ಬೇಕು. ನನಗೆ ಯಾವ ಕಾಯಿಲೆಯೂ ಇಲ್ಲ. ಸೋಮವಾರದಿಂದ ಹೋಗುತ್ತಿದ್ದೇನೆ.