ಮೂರು ಸಾಲಿಗೆ ಒಂದೇ ಸಹಿ

ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆಗಳಿವೆ. ಕೊರಿಯರ್‌ನವರ ಪಾಲಿಗೆ ಮಾತ್ರ ಒಂದೇ ಮನೆ, ಅದು ನನ್ನದು. ಹಗಲು ಹೊತ್ತು ಎಲ್ಲರೂ ಹೊಲಕ್ಕೋ ಎಣ್ಣೆ ಮಿಲ್ಲಿಗೋ ಹೋಗಿರುತ್ತಾರೆ, ಮನೆ ನಂಬರ್ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಯಾರು ಏನು ತರಿಸಿದರೂ ನನ್ನ ಹೆಸರು, ನನ್ನ ಫೋನ್ ನಂಬರು ಹಾಕಿಸುತ್ತಾರೆ. ನಿವೃತ್ತ ಕನ್ನಡ ಟೀಚರ್, ಮನೆ ಬಿಟ್ಟು ಕದಲುವವಳಲ್ಲ, ಸಹಿ ಹಾಕುತ್ತಾಳೆ. ನನಗೂ ಇದೊಂದು ಹೆಮ್ಮೆಯಾಗಿತ್ತು. ಚೀಟಿಯಲ್ಲಿ ಬರೀ ನನ್ನ ಹೆಸರಿದ್ದರೂ ಪಾರ್ಸೆಲ್ಲಿನ ಆಕಾರ ನೋಡಿ, ಅಮುಕಿ, ಇದು ಇಂಥವರದು ಎಂದು ಹೇಳಿಬಿಡುತ್ತಿದ್ದೆ. ತಪ್ಪಿದ್ದೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಲೂ ಇದ್ದೆ.

ಪಾರ್ಸೆಲ್ ತರುತ್ತಿದ್ದವನು ನಲವತ್ತೈದರ ಆಸುಪಾಸಿನ ಮನುಷ್ಯ. ಮೊದಲು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ, ಸೊಂಟ ಹಿಡಿದ ಮೇಲೆ ಈ ಕೆಲಸಕ್ಕೆ ಬಂದ. ನಾಲ್ಕು ವರ್ಷದಿಂದ ನಮ್ಮ ಬೀದಿಗೆ ಅವನೇ. ಚಳ್ಳಕೆರೆಯ ಬಿಸಿಲಿನಲ್ಲಿ ಬೈಕ್ ಓಡಿಸಿಕೊಂಡು ಬಂದವನನ್ನು ನಾನೇ ಒಳಗೆ ಕರೆದು ನಡುಮನೆಯ ಮಡಕೆಯಿಂದ ನೀರು ಕೊಡುತ್ತಿದ್ದೆ. ನಾನು ಅವನಿಗೆ ತಮ್ಮಾ ಎನ್ನುತ್ತಿದ್ದೆ. ಇದನ್ನೆಲ್ಲ ಮೊದಲೇ ಹೇಳುತ್ತಿದ್ದೇನೆ, ಆಮೇಲೆ ಹೇಳಲು ನನಗೆ ಮುಖವಿರುವುದಿಲ್ಲ.

ಕಳೆದುಹೋಯಿತು ಎಂದು ನಾನು ಗಲಾಟೆ ಮಾಡಿದ್ದು ನಮ್ಮವ್ವನ ಧಾರೆ ಸೀರೆಗಾಗಿ. ಅವ್ವ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಅದೊಂದೇ. ನನ್ನ ಒಡಹುಟ್ಟಿದ ತಮ್ಮನ ಮಗಳ ಮದುವೆಗೆ ಅದೇ ಅಂಚಿನ ಹೊಸ ಸೀರೆ ನೇಯಿಸೋಣ ಎಂದು ಅದನ್ನು ಮೊಳಕಾಲ್ಮೂರಿಗೆ ಒಯ್ದು ಒಬ್ಬ ಹಿರಿಯ ನೇಕಾರರ ಕೈಗೆ ಕೊಟ್ಟು ಬಂದಿದ್ದೆ. ಅವರು ಅಂಚಿನ ನಕ್ಷೆ ಬರೆದುಕೊಂಡು ಫೋನ್ ಮಾಡಿದರು. "ನಿಮ್ ಹಳೇ ಸೀರಿ ಕೆಲ್ಸ ಆತಮ್ಮಾ. ಬಸ್ಸಿನ ಕಂಡಕ್ಟರ್ ಕೈಯಾಗೆ ಕೊಟ್ಟು ಕಳಿಸ್ತೀನಿ, ನೀವು ಬಸ್‌ಸ್ಟ್ಯಾಂಡಿಗೆ ಬಂದ್ರೆ ಆತು" ಅಂದರು. ನಮ್ಮ ಕಡೆ ಎಲ್ಲರೂ ಕಳಿಸುವುದು ಹಾಗೆಯೇ. ನಾನೇ ಒಪ್ಪಲಿಲ್ಲ. ಕಂಡಕ್ಟರ್ ಮರೆತರೆ ಯಾರನ್ನು ಕೇಳುವುದು, ಕೊರಿಯರ್ ಮಾಡಿ, ರಸೀದಿ ಇರುತ್ತದೆ ಎಂದು ಉಪದೇಶ ಮಾಡಿದೆ.

ಅವರು ಕೊರಿಯರ್ ಮಾಡಿ ರಸೀದಿಯ ಫೋಟೋ ಕಳಿಸಿದರು. ನಾಲ್ಕೈದು ದಿನ ಕಾದೆ. ಆಮೇಲೆ ರಸೀದಿಯ ನಂಬರ್ ಹಾಕಿ ಫೋನಿನಲ್ಲಿ ನೋಡಿದರೆ 'ಡೆಲಿವರ್ಡ್' ಎಂದಿತ್ತು, ಅದೂ ಎರಡು ದಿನದ ಹಿಂದೆ. ತಕ್ಷಣ ಪಾರ್ಸೆಲ್ ತರುವವನಿಗೆ ಫೋನ್ ಮಾಡಿದೆ.

"ಕೊಟ್ಟೀನಲ್ಲ ಟೀಚರ್, ನಿಮ್ ಕೈಯಾಗೇ ಕೊಟ್ಟೀನಿ" ಅಂದ.

ಅಷ್ಟೇ ಸಾಕಾಯಿತು ನನಗೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದವಳನ್ನು ಇವನು ಸುಳ್ಳುಗಾತಿ ಎನ್ನುತ್ತಿದ್ದಾನಲ್ಲ ಎಂದು ಮೈ ಉರಿಯಿತು. ಸೀದಾ ಅವರ ಆಫೀಸಿಗೆ ಹೋದೆ. ಆಫೀಸು ಎಂದರೆ ಮಾರ್ಕೆಟ್ ರಸ್ತೆಯ ಒಂದು ಮಳಿಗೆ. ಏಜೆಂಟ್ ಕಂಪ್ಯೂಟರ್ ತೋರಿಸಿ, "ಸಿಸ್ಟಮ್‌ನಾಗೆ ಡೆಲಿವರ್ಡ್ ಅಂತ ಐತೆ ಮೇಡಂ. ಸಹಿ ಮಾಡಿದ ಶೀಟು ಚಿತ್ರದುರ್ಗಕ್ಕೆ ಹೋಗೈತೆ. ಕಂಪ್ಲೇಂಟು ಕೊಡಂಗಿದ್ರೆ ಕಳಿಸಿದೋರು ಕೊಡ್ಬೇಕು, ಇಲ್ಲಾ ಅವ್ರ ಒಪ್ಪಿಗೆ ಪತ್ರ ತರ್ರಿ" ಅಂದ.

ಮಾರನೆಯ ದಿನ ಬಸ್ ಹತ್ತಿ ಮೊಳಕಾಲ್ಮೂರಿಗೆ ಹೋದೆ. ನೇಕಾರರು ಮಗ್ಗದಿಂದ ಎದ್ದು ಬಂದು ಕೈ ಮುಗಿದರು. "ನಂದೇ ತಪ್ಪಮ್ಮಾ, ನೀವು ಬ್ಯಾಡ ಅಂದ್ರೂ ಬಸ್ಸಿಗೇ ಹಾಕ್ಬೇಕಿತ್ತು" ಎಂದು ತಾವೇ ತಪ್ಪೊಪ್ಪಿಕೊಂಡರು. ನಾನು ಅಲ್ಲ ಎನ್ನಲಿಲ್ಲ. ರಸೀದಿ ಮತ್ತು ಒಪ್ಪಿಗೆ ಪತ್ರ ಇಸಿದುಕೊಂಡೆ. ಸೀರೆಯನ್ನು ಯಾವುದರಲ್ಲಿ ಸುತ್ತಿ ಕಳಿಸಿದಿರಿ ಎಂದು ಮಾತ್ರ ಕೇಳಲಿಲ್ಲ. ಅದೊಂದು ಪ್ರಶ್ನೆ ಕೇಳಿದ್ದರೆ ನಾನು ಈ ಬರಹ ಬರೆಯಬೇಕಾಗುತ್ತಿರಲಿಲ್ಲ.

ಮನೆಗೆ ಬಂದು ಕಂಪನಿಯ ಮುಖ್ಯ ಕಚೇರಿಗೆ ಪತ್ರ ಬರೆದೆ. ಬೀದಿಯ ಎಲ್ಲರ ಅರ್ಜಿ ಬರೆದುಕೊಡುವ ಕೈ ಇದು, ಪತ್ರ ಸೊಗಸಾಗಿಯೇ ಬಂತು. ರಸೀದಿ ನಂಬರ್, ಕಳಿಸಿದ ದಿನ, ಸಿಸ್ಟಮ್ಮಿನಲ್ಲಿ ತೋರಿಸುವ ದಿನ ಬರೆದು, ಪಾರ್ಸೆಲ್ ನನಗೆ ತಲುಪಿಲ್ಲ ಎಂದೆ. ಸಹಿ ಇರುವ ಶೀಟಿನ ಪ್ರತಿ, ತಲುಪಿಸಿದ ಸಮಯ, ಪಡೆದುಕೊಂಡವರು ಯಾರು ಎಂಬ ವಿವರ ಕೊಡಬೇಕು, ವಿಚಾರಣೆ ನಡೆಸಿ ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ತಪ್ಪಿದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ಇಷ್ಟು ಕೇಳುವುದು ಯಾರದ್ದಾದರೂ ಹಕ್ಕು.

ಓದಿ ನೋಡಿದಾಗ ಪತ್ರಕ್ಕೆ ಖಾರ ಸಾಲದು ಅನ್ನಿಸಿತು. ಕೊನೆಗೆ ಎರಡು ವಾಕ್ಯ ಸೇರಿಸಿದೆ: "ಸದರಿ ನೌಕರನ ನಡತೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ನೀರು ಕೇಳುವ ನೆಪದಲ್ಲಿ ಮನೆಯೊಳಗೆ ಬಂದು ನಿಲ್ಲುವುದು ಆತನ ರೂಢಿ."

ಬರೆಯುವಾಗ ಅಲ್ಪವಿರಾಮ ಎಲ್ಲಿ ಹಾಕಬೇಕು ಎಂದು ಯೋಚಿಸಿದ್ದೆ ಅಷ್ಟೇ. ಒಂದು ಪ್ರತಿ ಇ-ಮೇಲ್ ಮಾಡಿ, ಇನ್ನೊಂದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ದೂರು ದಾಖಲಾಗಿದೆ ಎಂದು ಒಂದು ನಂಬರ್ ಬಂತು. ಮೂರನೆಯ ದಿನದಿಂದ ನಮ್ಮ ಬೀದಿಗೆ ಬೇರೆ ಯಾರೋ ಬರತೊಡಗಿದರು. ಅವನನ್ನು ಲೈನಿನಿಂದ ಇಳಿಸಿ ಮಳಿಗೆಯಲ್ಲಿ ಕೂರಿಸಿದ್ದಾರೆ ಎಂದು ಗೊತ್ತಾಯಿತು. ಆಗಲಿ, ಬುದ್ಧಿ ಬರಲಿ ಅಂದುಕೊಂಡೆ.

ಆರನೆಯ ದಿನ ಮಧ್ಯಾಹ್ನ ಕಂಪನಿಯಿಂದ ಉತ್ತರ ಬಂತು, ಜೊತೆಗೆ ಶೀಟಿನ ಫೋಟೋ. ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿದೆ. ನನ್ನ ಹೆಸರಿನ ಮುಂದೆ ಮೂರು ಸಾಲು, ಮೂರು ರಸೀದಿ ನಂಬರು. ನಡುವಿನದು ಮೊಳಕಾಲ್ಮೂರಿನದು. ಮೂರಕ್ಕೂ ಸೇರಿಸಿ ಬಲಗಡೆ ಒಂದು ಉದ್ದನೆಯ ಕಂಸ ಎಳೆದು ಒಂದೇ ಸಹಿ ಮಾಡಿತ್ತು. ಸಹಿಯ ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ನಾನು ಹಾಕಿದ ಚುಕ್ಕಿಗಳು ಅವು. ನನ್ನದಲ್ಲ ಎನ್ನಲು ಜಾಗವೇ ಇರಲಿಲ್ಲ.

ಆಗ ಆ ದಿನ ನೆನಪಾಯಿತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅವನು ಮೂರು ಪಾರ್ಸೆಲ್ ತಂದಿದ್ದ. "ಒಂದೊಂದೇ ಸಹಿ ಮಾಡ್ರಿ ಟೀಚರ್" ಅಂದಿದ್ದ. "ಹೋಗೋ ಮಾರಾಯ, ಹಾಲು ಉಕ್ಕುತ್ತೆ" ಎಂದು ಗೀಚಿ ಒಳಗೆ ಓಡಿದ್ದೆ. ಮೂರರಲ್ಲಿ ಒಂದು, ಬೀಜದ ಕಂಪನಿಯ ಬಿಳಿ ಚೀಲದಲ್ಲಿ ಸುತ್ತಿ ಹೊಲಿದ ಗಂಟು. ಚೀಟಿ ನೋಡಿದ್ದೆ, ನನ್ನ ಹೆಸರಿತ್ತು. ಎಲ್ಲ ಚೀಟಿಯಲ್ಲೂ ನನ್ನ ಹೆಸರೇ ಇರುತ್ತದಲ್ಲ! ಅಮುಕಿ ನೋಡಿ, ಇದು ಎದುರು ಮನೆಯವರ ಬೀಜ ಎಂದು ತೀರ್ಮಾನಿಸಿ ಅವರ ಕೈಗೆ ಕೊಟ್ಟಿದ್ದೆ.

ಎದುರು ಮನೆಯವರು ಕುರಿ ಇಟ್ಟವರು, ಒಂದಿಷ್ಟು ಹೊಲವೂ ಇದೆ. ಮನೆಯ ಗಂಡಸು ಕುರಿ ಹೊಡೆದುಕೊಂಡು ಉಳ್ಳಾರ್ತಿ ಕಾವಲಿನ ಕಡೆ ಹೋಗಿ ಹದಿನೈದು ದಿನವಾಗಿತ್ತು. ಓಡಿಹೋಗಿ ಕೇಳಿದರೆ ಅವನ ಹೆಂಡತಿ ಗೋಡೆಯ ಗೂಟದ ಕಡೆ ಕೈ ತೋರಿಸಿದಳು. ಗಂಟು ಅಲ್ಲೇ ನೇತಾಡುತ್ತಿತ್ತು, ಹೊಲಿಗೆ ಬಿಚ್ಚಿರಲಿಲ್ಲ.

"ಅವ್ರು ತರ್ಸಿದ್ದನ್ನ ಅವ್ರು ಬರೋತಂಕ ನಾವು ಬಿಚ್ಚಾಕಿಲ್ಲ ಟೀಚರಮ್ಮಾ. ಯಾಕ್ರಿ, ನಿಮ್ದಾ?" ಅಂದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತಿದ್ದವಳು ನಾನು. ಸೀರೆ ಬಿಚ್ಚಿ ನೋಡಿದೆ, ಅವ್ವನ ಪೆಟ್ಟಿಗೆಯ ವಾಸನೆ ಹಾಗೇ ಇತ್ತು. ಅದನ್ನು ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸಲಿಲ್ಲ. ಅವ್ವ ಬದುಕಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ.

ಪಾರ್ಸೆಲ್ ಸಿಕ್ಕಿದೆ, ತಪ್ಪು ನನ್ನದು, ದೂರು ಹಿಂದಕ್ಕೆ ಪಡೆದಿದ್ದೇನೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಆ ಮಳಿಗೆಗೆ ಹೋದೆ. ಅವನು ಮೂಲೆಯಲ್ಲಿ ಚೀಲಗಳ ನಡುವೆ ಸ್ಟೂಲ್ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅದು ನನ್ನನ್ನು ಹೆಚ್ಚು ಸುಟ್ಟಿತು.

"ತಮ್ಮಾ, ಸಿಕ್ತಪ್ಪಾ. ನಾನೇ ಕೊಟ್ಟು ಮರೆತಿದ್ದೆ. ತಪ್ಪಾಯ್ತು" ಅಂದೆ.

"ಸಿಕ್ತಾ? ಒಳ್ಳೇದಾತು ಬಿಡ್ರಿ. ಅವ್ವನ ಸೀರಿ ಅಂತಿದ್ರಲ್ಲ" ಅಂದ. ನಿಜಕ್ಕೂ ಸಂತೋಷಪಟ್ಟ. ಆಮೇಲೆ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಆದ್ರೆ ನಾನು ಇದಕ್ಕೆ ಬರ್ದು ಕೊಡ್ಬೇಕಂತೆ. ನನಗೆಲ್ಲಿ ಬರ್ಯಾಕೆ ಬರ್ತೈತಿ? ನಮ್ ಕಡೆ ಅರ್ಜಿ ಬರ್ಯೋರು ಅಂದ್ರೆ ನೀವೇ. ನೀವೇ ಬರ್ದು ಕೊಡ್ರಿ."

ಅದು ನನ್ನ ಪತ್ರದ ಪ್ರತಿ. ಏಜೆಂಟ್ ಅದನ್ನು ಎಲ್ಲರೆದುರು ಓದಿ ಹೇಳಿದ್ದನಂತೆ. ಪಾರ್ಸೆಲ್ ವಿಷಯ ಮುಗಿದರೂ ನಡತೆ ಬಗ್ಗೆ ಬರೆದದ್ದಕ್ಕೆ ಉತ್ತರ ಬೇಕು ಎಂದು ಮೇಲಿನವರು ಕೇಳಿದ್ದರು. ಅವನು ಕೊನೆಯ ಎರಡು ಸಾಲಿನ ಮೇಲೆ ಬೆರಳಿಟ್ಟ.

"ಮೊದ್ಲಿಂದ್ಲೂ ಅಂತ ಬರ್ದೀರಲ್ಲ ಟೀಚರ್, ಯಾವತ್ತಿಂದ ಅದು? ದಿನ ಗೊತ್ತಾದ್ರೆ ಉತ್ರ ಹೇಳ್ಬೋದು."

ಅವನು ಚುಚ್ಚಲು ಕೇಳಲಿಲ್ಲ. ನಾನು ಸುಳ್ಳು ಬರೆದಿರಲಾರೆ, ತನಗೇ ತಿಳಿಯದಂತೆ ಏನೋ ತಪ್ಪಾಗಿದೆ ಎಂದೇ ಅವನು ನಂಬಿದ್ದ. ಯಾವತ್ತಿನಿಂದಲೂ ಇಲ್ಲ ತಮ್ಮಾ, ಸಿಟ್ಟಿನಲ್ಲಿ ಬರೆದೆ, ಸುಳ್ಳು ಎಂದೆ. ಅವನು ಕಾಗದವನ್ನು ಮತ್ತೆ ಅದೇ ಮಡಿಕೆಗೆ ಮಡಿಸಿದ. ಏಜೆಂಟನ ಮೇಜಿನ ಮುಂದೆ ಕೂತು ಎರಡನೆಯ ಪತ್ರ ಬರೆದೆ. ನಾನು ಸುಳ್ಳು ಬರೆದೆ, ನೀರಿಗೆ ಒಳಗೆ ಕರೆಯುತ್ತಿದ್ದವಳು ನಾನೇ ಎಂದು ಬರೆದು, ಗೆರೆ, ಎರಡು ಚುಕ್ಕಿ ಹಾಕಿ ಸಹಿ ಮಾಡಿದೆ. ಆ ಪತ್ರ ಸೊಗಸಾಗಿರಲಿಲ್ಲ. ಅದನ್ನು ಎಲ್ಲರೆದುರು ಓದಿ ಹೇಳಿ ಎಂದು ಏಜೆಂಟನಿಗೆ ಕೇಳಿಕೊಂಡೆ. ಓದೋಣ ಬಿಡ್ರಿ ಮೇಡಂ ಅಂದ, ಓದಿದನೋ ಇಲ್ಲವೋ ಗೊತ್ತಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ವಾರ ಕಳೆದ ಮೇಲೆ ಅವನು ಮತ್ತೆ ನಮ್ಮ ಬೀದಿಗೆ ಬಂದ. ಈಗಲೂ ಬರುತ್ತಾನೆ. ಪ್ರತಿ ಪಾರ್ಸೆಲ್ಲಿನ ಚೀಟಿಯನ್ನು ನನ್ನ ಕಡೆ ತಿರುಗಿಸಿ, ನಾನು ಓದುವವರೆಗೆ ಕಾದು, ಒಂದೊಂದಕ್ಕೂ ಬೇರೆ ಬೇರೆ ಸಹಿ ತೆಗೆದುಕೊಳ್ಳುತ್ತಾನೆ. ಟೀಚರ್ ಎಂದೇ ಕರೆಯುತ್ತಾನೆ, ಮುಖ ಗಂಟಿಕ್ಕುವುದಿಲ್ಲ. ಹೊಸ್ತಿಲಿನ ಆಚೆಯೇ ನಿಲ್ಲುತ್ತಾನೆ, ಅಷ್ಟೇ. ಮೊನ್ನೆ ಬಿಸಿಲು ಸುಡುತ್ತಿತ್ತು. ಒಳಗೆ ಬಾ ತಮ್ಮಾ, ಮಡಕೆ ನೀರು ತಣ್ಣಗಿದೆ ಎಂದು ಕರೆದೆ.

"ಬ್ಯಾಡ ಟೀಚರ್, ಬಾಟ್ಲಿ ತಂದೀನಿ" ಅಂದ.