ಕಾಯುವ ಕೆಲಸ, ಕಾಯದ ಕೆಲಸ

ಮದುವೆಯಾದ ಹೊಸದರಲ್ಲಿ ನಾವು ಹೊಳೆನರಸೀಪುರದಲ್ಲಿದ್ದೆವು. ನಾನು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯಿನಿ, ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಐವತ್ತರ ದಶಕ ಅರ್ಧ ಕಳೆದಿತ್ತು. ಕೆಲಸದಲ್ಲಿರುವ ಹುಡುಗಿಯೇ ಬೇಕು ಅಂತ ಹುಡುಕಿ ಬಂದವರು ಅವರು. ಹೆಣ್ಣು ನೋಡುವ ದಿನ ನಮ್ಮಪ್ಪನ ಮುಂದೆ, "ಕೆಲಸ ಬಿಡಿಸೋ ಮಾತೇ ಇಲ್ಲ ಮಾವ" ಅಂದಿದ್ದರು. ಆ ಒಂದು ಮಾತಿಗೆ ನಾನು ಒಪ್ಪಿಕೊಂಡಿದ್ದೆ. ಬಿಡಿಸಲಿಲ್ಲ, ನಿಜ. ಮನೆಯ ಕೆಲಸವನ್ನೂ ಬಿಡಿಸಲಿಲ್ಲ.

ಇಬ್ಬರೂ ಒಂದೇ ಹೊತ್ತಿಗೆ ಮನೆ ಬಿಡುತ್ತಿದ್ದೆವು, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತಿದ್ದೆವು. ಅದರ ಆಚೀಚೆ ಇದ್ದದ್ದೆಲ್ಲ ನನ್ನದು. ಕತ್ತಲಿರುವಾಗಲೇ ಎದ್ದು ಬೀದಿ ಕೊನೆಯ ಬಾವಿಯಿಂದ ನೀರು, ಹಂಡೆಗೆ ಉರಿ, ಅಂಗಳಕ್ಕೆ ಸಗಣಿ ನೀರು, ಸೊಪ್ಪು ಬಿಡಿಸಿ ಸಾರು, ಮುದ್ದೆ, ಅವರ ಡಬ್ಬಿಗೆ ಅನ್ನ ಬೇರೆ. ಸಂಜೆ ಬಂದರೆ ಮತ್ತೆ ಒಲೆ. ಅವರು ಕಾಲು ತೊಳೆದು ಜಗಲಿಯ ಮೇಲೆ ಕೂತು ಪೇಪರ್ ಬಿಡಿಸುತ್ತಿದ್ದರು. ಕೆಟ್ಟವರಲ್ಲ. ನಾನು ಮುಖ ಗಂಟುಹಾಕಿಕೊಂಡಿದ್ದರೆ ಒಳಗೆ ಬಂದು, "ಏನಾದ್ರೂ ಮಾಡ್ಬೇಕಿದ್ರೆ ಹೇಳ್ಬಾರ್ದಾ? ಹೇಳಿದ್ರೆ ಮಾಡ್ತಿರ್ಲಿಲ್ವಾ ನಾನು?" ಅನ್ನುತ್ತಿದ್ದರು.

ಹೇಳುವುದೂ ಒಂದು ಕೆಲಸ ಅಂತ ಅವರಿಗೆ ಅರ್ಥ ಮಾಡಿಸುವುದಕ್ಕೆ ನನ್ನಿಂದ ಆಗಲಿಲ್ಲ. ಬೇಳೆ ಮುಗಿಯುತ್ತಾ ಬಂತು, ಸೌದೆ ಹಸಿ ಇದೆ, ನಾಳೆಗೆ ಹೆಪ್ಪು ಹಾಕಬೇಕು, ಇದನ್ನೆಲ್ಲ ಪಾಠ ಮಾಡುವಾಗಲೂ ತಲೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದವಳು ನಾನು. ಅವರು ಕೈ ಕೊಡಲು ಸಿದ್ಧರಿದ್ದರು. ಆ ತಲೆಭಾರ ಹೊರಲು ಅಲ್ಲ.

ಮಗಳು ಹುಟ್ಟಿದ ಮೇಲೆ ರಜ ಮುಗಿದು ಶಾಲೆಗೆ ಹೋದೆ. ಹಗಲು ಹೊತ್ತು ಪಕ್ಕದ ಮನೆಯ ಅಜ್ಜಿಯೊಬ್ಬರು ಮಗುವನ್ನು ನೋಡಿಕೊಳ್ಳುತ್ತಿದ್ದರು. ರಾತ್ರಿ ನಾನು, ಬೆಳಿಗ್ಗೆ ನಾನು, ಸಂಜೆ ನಾನು. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಹಾಗೇ ಕುಸಿದುಬಿದ್ದೆ. ಮಕ್ಕಳು ಕಿರುಚಿಕೊಂಡವು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಔಷಧಿ ಬರೆದುಕೊಟ್ಟು, ಬಾಗಿಲಲ್ಲಿ ನಿಂತಿದ್ದ ಇವರ ಕಡೆ ತಿರುಗಿದರು. "ನೀರು ಯಾರು ಸೇದ್ತಾರೆ ಮನೇಲಿ?"

ಇವರು ನನ್ನ ಮುಖ ನೋಡಿದರು.

"ಅವರನ್ನ ಕೇಳ್ಬೇಡಿ, ನೀವೇ ಹೇಳಿ."

"ಇವಳೇ" ಅಂದರು. ಆ ದಿನ ಅವರ ಕಿವಿ ಕೆಂಪಾದದ್ದನ್ನು ನೋಡಿದೆ.

ಮನೆಗೆ ಬಂದು ಅವರೇ ಮಾತು ತೆಗೆದರು. ಇನ್ನು ಮೇಲೆ ಅರ್ಧ ಅರ್ಧ, ಹೊರಗಿನದು ನನಗೆ, ಒಳಗಿನದು ನಿನಗೆ ಅಂದರು. ನ್ಯಾಯವಾಗಿಯೇ ಕಂಡಿತು. ಸೌದೆ ತರಿಸುವುದು, ಬಿಡುವಾದಾಗ ನೀರು ಸೇದಿ ತುಂಬಿಡುವುದು, ಸಂತೆ, ರಾಗಿ ಬೀಸಿಸಿಕೊಂಡು ಬರುವುದು, ಸೀಮೆಎಣ್ಣೆ, ಇವು ಅವರದು. ಸ್ವಲ್ಪ ದಿನಕ್ಕೇ ಗೊತ್ತಾಯಿತು ಇದರ ಮೋಸ. ಸಂತೆ ವಾರಕ್ಕೊಂದು ಸಲ. ರಾಗಿ ಇವತ್ತಲ್ಲದಿದ್ದರೆ ನಾಳೆ. ಅವರ ಕೆಲಸ ಕಾಯುತ್ತಿತ್ತು, ನನ್ನದು ಕಾಯುತ್ತಿರಲಿಲ್ಲ. ಹಸಿದ ಮಗು, ಉಕ್ಕುವ ಹಾಲು ಭಾನುವಾರ ಬರಲಿ ಅಂತ ಕೂರುತ್ತವೆಯೇ? ಅವರಿಗೆ ಹಾಗೇ ಹೇಳಿದೆ.

"ನಿಮ್ಮ ಕೆಲಸಕ್ಕೆ ನೀವು ಹೊತ್ತು ಇಡ್ತೀರಿ. ನನ್ನ ಕೆಲಸ ನನಗೆ ಹೊತ್ತು ಇಡುತ್ತೆ."

ಅವರು ಪೇಪರ್ ಮಡಿಸಿಟ್ಟರು. ಆಮೇಲೆ, "ಹಂಗಾದ್ರೆ ಹೊತ್ತಿಗೆ ಆಗ್ಬೇಕಾದ್ದರಲ್ಲೂ ನನಗೊಂದು ಪಾಲು ಕೊಡು" ಅಂದರು.

ಅಷ್ಟರಲ್ಲಿ ಇಬ್ಬರಿಗೂ ಅರಕಲಗೂಡಿಗೆ ವರ್ಗವಾಯಿತು. ಅಲ್ಲಿ ನಾವು ಹೊಸದಾಗಿ ಶುರು ಮಾಡಿದೆವು. ಬೆಳಗಿನ ಅಡಿಗೆ ನನ್ನದು, ರಾತ್ರಿಯದು ಅವರದು. ಅವರದು ಅಂದರೆ ಪೂರ್ತಿ ಅವರದು: ಏನು ಮಾಡಬೇಕು ಅಂತ ಯೋಚಿಸುವುದರಿಂದ ಹಿಡಿದು, ಕಾಳು ನೆನೆಹಾಕಿ, ಬೇಯಿಸಿ, ಬಡಿಸಿ, ಬೂದಿ ಹಚ್ಚಿ ಪಾತ್ರೆ ತಿಕ್ಕಿ ಕವುಚಿ ಹಾಕುವ ತನಕ. ನಾನು ಒಲೆಯ ಹತ್ತಿರ ಹೋಗುವಂತಿಲ್ಲ, ಬಾಯಿ ಹಾಕುವಂತಿಲ್ಲ. ಆ ಹೊತ್ತಿನಲ್ಲಿ ಮಗು ನನ್ನದು. ಬೆಳಿಗ್ಗೆ ನಾನು ಒಲೆ ಮುಂದೆ ಇದ್ದರೆ ನೀರು ಸೇದುವುದು, ಮಗುವಿನ ಸ್ನಾನ ಅವರದು. ಮಗುವಿಗೆ ಜ್ವರ ಬಂದರೆ ಒಂದು ಸಲ ನನ್ನ ರಜ, ಇನ್ನೊಂದು ಸಲ ಅವರ ರಜ. ಇಬ್ಬರಿಗೂ ಬೇಡವಾಗಿದ್ದ ಕೆಲಸ ಮಗುವಿನ ಕೊಳೆ ಬಟ್ಟೆ ಒಗೆಯುವುದು. ಅದನ್ನು ಯಾರಿಗೂ ಖಾಯಂ ಮಾಡಲಿಲ್ಲ, ವಾರಕ್ಕೊಬ್ಬರು. ಎಲ್ಲಕ್ಕಿಂತ ಮೇಲೆ ಒಂದು ಮಾತಿತ್ತು: ಇಬ್ಬರ ಕೆಲಸವೂ ಮುಗಿಯುವ ತನಕ ಯಾರೂ ಕೂರಬಾರದು. ಒಬ್ಬರದು ಬೇಗ ಮುಗಿದರೆ, ಒಲೆಯೊಂದನ್ನು ಬಿಟ್ಟು, ಇನ್ನೊಬ್ಬರದಕ್ಕೆ ಕೈ ಹಾಕಬೇಕು. ಯಾರು ಎಷ್ಟು ಮಾಡಿದರು ಅಂತ ಲೆಕ್ಕ ಹಾಕುವುದಕ್ಕಿಂತ, ಇಬ್ಬರೂ ಒಂದೇ ಹೊತ್ತಿಗೆ ಕೂತೆವೋ ಇಲ್ಲವೋ ಅಂತ ನೋಡುವುದು ಸುಲಭವಾಗಿತ್ತು.

ಮೊದಮೊದಲು ಅವರ ಮುದ್ದೆ ತುಂಬ ಗಂಟು. ಮುರಿದರೆ ಒಳಗೆ ಒಣ ಹಿಟ್ಟು. ಕೋಲು ಕಿತ್ತುಕೊಂಡು ನಾನೇ ತೊಳಸಿಬಿಡೋಣ ಅನ್ನಿಸುತ್ತಿತ್ತು. ತಡೆದುಕೊಂಡು ನುಂಗಿದೆ. ಕಿತ್ತುಕೊಂಡಿದ್ದರೆ ಆ ಕೋಲು ಮತ್ತೆ ಅವರ ಕೈಗೆ ಹೋಗುತ್ತಿರಲಿಲ್ಲ. ಆಮೇಲಾಮೇಲೆ ಅವರ ಕೈ ಅಡಿಗೆಗೆ ಎಷ್ಟು ಪಳಗಿತೆಂದರೆ ಅವರ ಉಪ್ಸಾರು ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು. ರಾತ್ರಿ ಕೆಲಸ ಮುಗಿದ ಮೇಲೆ ಓದಿ ನಾನು ಇಲಾಖೆ ಪರೀಕ್ಷೆ ಪಾಸು ಮಾಡಿಕೊಂಡೆ. ಸುಖ ಅಂತ ಏನಾದರೂ ಕಂಡಿದ್ದರೆ ಅರಕಲಗೂಡಿನ ಆ ಚಿಕ್ಕ ಮನೆಯಲ್ಲಿ. ನಮ್ಮ ಹಿತ್ತಲಿಗೆ ಎತ್ತರದ ಗೋಡೆ ಇತ್ತು, ಯಾರಿಗೂ ಏನೂ ಕಾಣುತ್ತಿರಲಿಲ್ಲ. ಆ ಗೋಡೆಗೂ ನಮ್ಮ ಸುಖಕ್ಕೂ ಸಂಬಂಧ ಇರಬಹುದು ಅಂತ ಆಗ ನನಗೆ ಹೊಳೆಯಲಿಲ್ಲ.

ವರ್ಗವಾಗಿ ಹಾಸನಕ್ಕೆ ಬಂದ ಮೇಲೆ ಹೊಳೆಯಿತು. ಅಲ್ಲಿ ನಾವಿದ್ದದ್ದು ವಠಾರ. ಅಕ್ಕಪಕ್ಕದವರಲ್ಲಿ ಇವರ ಕಚೇರಿಯವರೇ ಹೆಚ್ಚು. ನೀರು ಸೇದುವುದು, ಪಾತ್ರೆ ತಿಕ್ಕುವುದು ಎಲ್ಲ ನಡುವಿನ ಬಾವಿಕಟ್ಟೆಯಲ್ಲಿ. ಒಂದು ವಾರ ಇವರು ತಿಕ್ಕಿದರು. ಕಚೇರಿಯಲ್ಲಿ ಯಾರೋ, "ಏನ್ ಸಾ, ಸಾರಿಗೆ ಉಪ್ಪು ಸರಿಯಾಯ್ತಾ?" ಅಂತ ಕೇಳಿದರಂತೆ. ಎಲ್ಲರೂ ನಕ್ಕರಂತೆ. ಆ ಸಂಜೆ ಅವರು ಅಡಿಗೆ ಮಾಡಿ, ಪಾತ್ರೆಗಳನ್ನು ಒಳಗೇ ಬಿಟ್ಟರು. "ಹೊರಗಿನದು ನೀನು ನೋಡ್ಕೋ, ಒಳಗಿಂದು ನಾನು ನೋಡ್ಕೋತೀನಿ" ಅಂದರು. ಹೊಳೆನರಸೀಪುರದ ಪಾಲು ಈಗ ತಿರುಗಾಮುರುಗಾ ಆಗಿತ್ತು. ಎರಡರಲ್ಲೂ ನಷ್ಟ ನನ್ನದೇ. ಮಗುವಿಗೆ ಮೈ ಬಿಸಿಯಾದಾಗ, "ಈ ಸಲ ನೀನು ರಜ ಹಾಕು, ಸಾಹೇಬರು ಒಂಥರಾ ನೋಡ್ತಾರೆ" ಅಂದರು. ಮುಂದಿನ ಸಲವೂ ಸಾಹೇಬರು ಒಂಥರಾ ನೋಡುತ್ತಿದ್ದರು.

ಆಗಲೇ ನಮ್ಮ ಅತ್ತೆ ಹಳ್ಳಿಮೈಸೂರಿನ ಕಡೆಯ ಊರಿನಿಂದ ಬಂದದ್ದು. ಹೇಳಿ ಕಳಿಸಿರಲಿಲ್ಲ. ನಾನು ಜಗಳ ಮಾಡಿದ್ದಕ್ಕೆ ಅಂದು ಇವರು ಬಾವಿಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಡಕೆ ತಿಕ್ಕುತ್ತಿದ್ದರು. ಅತ್ತೆ ಗಂಟು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಸೀದಾ ಹೋಗಿ ಮಡಕೆಗೆ ಕೈ ಹಾಕಿದರು.

"ಬುಡ್ಲಾ. ಎದ್ದೇಳು. ಗಂಡ್ಸಾಗಿ ಮುಸ್ರೆ ತಿಕ್ಕೀಯಾ?"

ಇವರು ನನ್ನ ಕಡೆ ನೋಡಿದರು. ನಾನು ಹೊಸ್ತಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಇಲ್ಲ ಅವ್ವ, ಇದು ನನ್ನ ಕೆಲಸ ಅಂತ ಒಂದು ಮಾತು ಅಂದರೆ ಸಾಕಾಗಿತ್ತು. ಅವರು ಎದ್ದು ಕೈ ತೊಳೆದುಕೊಂಡರು. ಷರಟು ಹಾಕಿಕೊಂಡು ಬೀದಿಗೆ ಹೋದರು. ಬಗ್ಗಲಾರದ ಮುದುಕಿಯ ಕೈಯಿಂದ ಮಡಕೆ ಇಸಿದುಕೊಂಡು ನಾನು ಕೂತೆ.

ಅತ್ತೆ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತು ನಾನು ತಿಕ್ಕುವುದನ್ನೇ ನೋಡಿ, "ಕ್ವಾಪ ಮಾಡ್ಕಬ್ಯಾಡ ಕಣವ್ವ" ಅಂದರು. "ನಾನೂವೆ ವಲದಾಗೆ ಕಳೆ ಕಿತ್ತು ಬಂದು ಇಟ್ಟು ಬೇಯಿಸ್ತಿದ್ದೆ. ನಿಮ್ ಮಾವ್ನೂ ವಲದಿಂದ್ಲೇ ಬರೋನು, ಬಂದು ಜಗ್ಲಿ ಮ್ಯಾಲೆ ಮಲಗೋನು. ನಂಗ್ಯಾರು ಬಂದ್ರು ತಿಕ್ಕೋಕೆ?"

"ಅದಕ್ಕೇ ನನಗೂ ಯಾರೂ ಬರಬಾರದಾ ಅತ್ತೆ?" ಅಂದೆ.

ಅವರು ತಮ್ಮ ಬಿರಿದ ಅಂಗೈಗಳನ್ನು ಉಜ್ಜಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಆ ಕೈಗಳನ್ನು ನೋಡಿದರೆ ಉಳಿಯುವಂತೆಯೂ ಇರಲಿಲ್ಲ. ಸಿಟ್ಟೆಲ್ಲ ಉಳಿದದ್ದು ಎದ್ದು ಹೋದವರ ಮೇಲೆ. ಅತ್ತೆ ಊರಿಗೆ ಹೋದರೂ ಇವರು ಮತ್ತೆ ಒಲೆಯ ಮುಂದೆ ಕೂರಲಿಲ್ಲ. "ಹೇಳಿದ್ರೆ ಮಾಡ್ತೀನಿ" ಅನ್ನುವ ಹಳೆಯ ಮಾತು ತಿರುಗಿ ಬಂತು. ನಾನು ಹೇಳಲಿಲ್ಲ.

ಅರವತ್ತರ ದಶಕದಲ್ಲಿ ನನಗೆ ಬಡ್ತಿ ಸಿಕ್ಕಿತು. ಚನ್ನರಾಯಪಟ್ಟಣದಲ್ಲಿ ಹೆಡ್‌ಮಿಸ್ಟ್ರೆಸ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರಬಹುದಿತ್ತು, ಅರಕಲಗೂಡಿನಂತೆ ರಾತ್ರಿಯ ಹೊತ್ತನ್ನು ಅವರು ಪೂರ್ತಿ ವಹಿಸಿಕೊಂಡಿದ್ದರೆ. ಕೇಳಿದೆ.

"ಹೋಗು, ನಾನೇನು ಬೇಡ ಅಂದ್ನಾ?" ಅಂದರು. "ಆದ್ರೆ ಮನೆ ಹೆಂಗೆ ನಡೆಯುತ್ತೆ?"

"ನೀವು ಮಾಡಿದ್ರಲ್ಲ, ಅರಕಲಗೂಡಲ್ಲಿ?"

"ಅದು ಆಗಿನ ಮಾತು."

ಮಗಳನ್ನು ಕರೆದುಕೊಂಡು ಚನ್ನರಾಯಪಟ್ಟಣದಲ್ಲಿ ಎರಡು ಕೋಣೆಯ ಮನೆ ಮಾಡಿದೆ. ಅಲ್ಲಿ ನನಗೆ ಗೊತ್ತಾದ ಸಂಗತಿಯನ್ನು ಇವತ್ತಿಗೂ ಯಾರ ಮುಂದೆಯೂ ಗಟ್ಟಿಯಾಗಿ ಹೇಳಿಲ್ಲ. ಒಂದು ಶಾಲೆ, ಒಂದು ಮಗು, ಒಂದು ಮನೆ ಒಬ್ಬಳೇ ನಡೆಸುವುದು ಗಂಡನ ಜೊತೆ ಇದ್ದಾಗಿನದಕ್ಕಿಂತ ಹಗುರವಾಗಿತ್ತು. ಒಂದು ಜೊತೆ ಬಟ್ಟೆ ಕಡಿಮೆ, ಒಂದು ಡಬ್ಬಿ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಯಾರಾದರೂ ತಾವಾಗಿಯೇ ಏಳಬಹುದೇನೋ ಅಂತ ಕಾಯುವುದು ಇರಲಿಲ್ಲ.

ಹಾಸನದಲ್ಲಿ ಅವರು ಅಡಿಗೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿಕೊಂಡರು. ಶನಿವಾರ ಸಂಜೆಯ ಬಸ್ಸಿಗೆ ನೆಂಟರಂತೆ ಬಂದು ನನ್ನ ಮನೆಯಲ್ಲಿ ಉಂಡು ಹೋಗುತ್ತಿದ್ದರು. ಒಂದು ಶನಿವಾರ ನಾನು ಶಾಲೆಯ ಇನ್ಸ್‌ಪೆಕ್ಷನ್ ಮುಗಿಸಿ ತಡವಾಗಿ ಬಂದೆ. ಒಲೆ ಉರಿಯುತ್ತಿತ್ತು. ಇವರು ಪಂಚೆ ಎತ್ತಿ ಕಟ್ಟಿ, ಎರಡು ಕಾಲಿನ ನಡುವೆ ಮಡಕೆ ಇಟ್ಟುಕೊಂಡು ಮುದ್ದೆ ತೊಳಸುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ನಗುತ್ತಿದ್ದಳು. ಉಪ್ಸಾರಿನ ವಾಸನೆ ಮನೆ ತುಂಬ. ಒಂದು ಗಂಟೂ ಇಲ್ಲದ ಮುದ್ದೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಮರೆತಿಲ್ಲ ಹಂಗಾದ್ರೆ" ಅಂದೆ.

"ಮರೆಯೋಕಾಗುತ್ತಾ?"

"ಹಾಸನದಲ್ಲಿ ಯಾಕೆ ಮಾಡ್ಲಿಲ್ಲ?"

ಅವರು ಕೋಲಿಗೆ ಹತ್ತಿದ ಹಿಟ್ಟನ್ನು ಬೆರಳಿನಿಂದ ಬಳಿಯುತ್ತಾ, ತಲೆ ಎತ್ತದೆ, "ಇಲ್ಲಿ ನನ್ನ ಯಾರಿಗೆ ಗೊತ್ತು?" ಅಂದರು.

ಕೆಲಸ ಬಾರದವರಾಗಿದ್ದರೆ ಕ್ಷಮಿಸುತ್ತಿದ್ದೆನೇನೋ. ಎಲ್ಲ ಬರುತ್ತಿತ್ತು ಅವರಿಗೆ. ನಾಲ್ಕು ಜನ ನಕ್ಕಾರು ಅನ್ನುವುದರ ಎದುರಿಗೆ ನನ್ನ ಸೊಂಟ ಮುರಿಯುವುದು ಲೆಕ್ಕಕ್ಕಿರಲಿಲ್ಲ, ಅಷ್ಟೆ.

ಮಗಳ ಹೈಸ್ಕೂಲಿಗೆ ಅಂತ ನಾನೇ ವರ್ಗ ಕೇಳಿಕೊಂಡು ಹಾಸನಕ್ಕೆ ಬಂದೆ. ಬರುವ ಮೊದಲೇ ಹೇಳಿದೆ: ಅಡಿಗೆಯ ಹೆಂಗಸನ್ನು ಬಿಡಿಸುವ ಹಾಗಿಲ್ಲ, ಅವಳಿಗೆ ಇಬ್ಬರ ಸಂಬಳದಿಂದಲೂ ಕೊಡಬೇಕು, ಅವಳು ಬಾರದ ದಿನ ಸರದಿ. ಅವರು ಒಪ್ಪಿದರು. ಸರದಿಯ ದಿನ ಅವರು ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ನನ್ನ ಸರದಿಯಲ್ಲಿ ನಾನು ಬೇಯಿಸುತ್ತಿದ್ದೆ. ಪಾತ್ರೆ, ಬಟ್ಟೆ, ನೆಲ ಎಲ್ಲ ಆ ಹೆಂಗಸು ಮಾಡುತ್ತಿದ್ದಳು. ಅವಳಿಗೂ ಗಂಡ ಇದ್ದ, ಅವಳೂ ಸಂಜೆ ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು.

ವಠಾರದವರು ನಮ್ಮನ್ನು ನೋಡಿ, ಗಂಡ ಹೆಂಡತಿ ಅಂದರೆ ಹೀಗಿರಬೇಕು, ಒಂದು ದಿನ ಜಗಳವಿಲ್ಲ ಅನ್ನುತ್ತಿದ್ದರು. ನಿಜ, ಜಗಳ ಇರಲಿಲ್ಲ. ಜಗಳವಾಡಿ ಪಾಲು ಕೇಳಬೇಕಾದರೆ ಎದುರಿನವರಿಂದ ಏನಾದರೂ ಬರುತ್ತದೆ ಅನ್ನುವ ಆಸೆ ಬೇಕು. ನನಗೆ ಅದು ಮುಗಿದಿತ್ತು.