ಚನ್ನಾಜಮ್ಮ ಹೇಳದೆ ಬಿಟ್ಟದ್ದು

ಮುಡುಕುತೊರೆಯ ಶಾಲೆಯಲ್ಲಿ ಇಪ್ಪತ್ತು ವರ್ಷ ಬಿಸಿಯೂಟ ಬಡಿಸಿದ ಚನ್ನಾಜಮ್ಮ ನಂಜನಗೂಡಿನಲ್ಲಿ ಇಳಿದಾಗ ಹಸಿರು ಚೀಲ ರೈಲಿನಲ್ಲೇ ಉಳಿಯಿತು. ನಿಲ್ದಾಣದ ಅಧಿಕಾರಿ ನರೇಂದ್ರ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ರೈಲು, ಬೋಗಿ, ಚೀಲದ ಗುರುತು ತಿಳಿಸಿ ದೂರು ಕೊಡಿಸಿದರು.

"ಒಳಗೇನಿತ್ತಮ್ಮಾ?"

"ಎರಡು ಸೀರೆ ಸಾ. ಅಷ್ಟೇಯ."

ಅವರು ತರಿಸಿದ ಕಾಫಿಯನ್ನು ಆಕೆ ಮುಟ್ಟಲಿಲ್ಲ.

ರೈಲು ಚಾಮರಾಜನಗರ ತಲುಪಿದ ಮೇಲೆ ಅಲ್ಲಿನ ರೈಲ್ವೆ ರಕ್ಷಣಾ ಪಡೆಯವರು ಫೋನ್ ಮಾಡಿದರು. ಹಸಿರು ಚೀಲ ಸಿಕ್ಕಿತ್ತು. ಆದರೆ ಸೀರೆಗಳ ನಡುವೆ ಬೆಳ್ಳಿಯ ವಸ್ತುವೊಂದಿತ್ತು.

"ಒಳಗಿರೋದನ್ನ ಸರಿಯಾಗಿ ಹೇಳಿದೋರಿಗೇ ಕೊಡೋದು ಕಣಮ್ಮಾ. ಅದರಲ್ಲಿ ಬೆಳ್ಳಿದೇನೋ ಇದೆಯಂತೆ. ಆ ಚೀಲ ನಿಮ್ದಲ್ವೇನೋ?" ಎಂದರು ನರೇಂದ್ರ.

ಚನ್ನಾಜಮ್ಮ ತಲೆ ತಗ್ಗಿಸಿದಳು. "ನಂದೇ ಸಾ, ಕರಡಿಗೆ. ಒಳಗೆ ನನ್ನ ಲಿಂಗ ಐತೆ. ದಾರ ಕಿತ್ತೋಯ್ತು ಅಂತ ಚೀಲಕ್ಕಾಕ್ಕಂಡೆ. ಮೈಮ್ಯಾಲಿರಬೇಕಾದ್ದನ್ನ ಸೀರೆ ಜೊತೆ ತುರುಕಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಏನಾದ್ರೂ ಗುರುತು?"

"ಮುಚ್ಚಳ ಒಂದು ಕಡೆ ನೆಗ್ಗೈತೆ."

ನರೇಂದ್ರ ಅದನ್ನೇ ಫೋನಿನಲ್ಲಿ ಹೇಳಿದರು. ಅತ್ತಲಿಂದ ಹೌದೆಂದರು. ಆಕೆಯೇ ಚಾಮರಾಜನಗರಕ್ಕೆ ಹೋಗಿ, ಟಿಕೆಟ್ಟು, ಆಧಾರ್ ಕಾರ್ಡು ತೋರಿಸಿ, ಸಹಿ ಹಾಕಿ ಬಿಡಿಸಿಕೊಳ್ಳಬೇಕಿತ್ತು.

"ಮುಂದಿನ ಗಾಡಿಗೆ ಇನ್ನೂ ಹೊತ್ತಿದೆ. ಕಾಫಿನಾದ್ರೂ ಕುಡೀರಿ."

"ಅದು ಕೈಗೆ ಬರಗಂಟ ನೀರೂ ಬ್ಯಾಡ ಸಾ."

ಬರಿದಾದ ಎದೆಯ ಮೇಲೆ ಸೆರಗನ್ನು ಬಿಗಿಯಾಗಿ ಹಿಡಿದು ಆಕೆ ಹಳಿಯತ್ತ ನೋಡುತ್ತ ಕುಳಿತಳು.